ಫೋಟೊದಲ್ಲಿರುವ ತೊಲೆಯ ಶಿಯರ್, ಮೊಮೆಂಟ್ ನಕ್ಷೆ

ಪುಸ್ತಕದ ಪುಟದಿಂದ ತೆಗೆದ ಫೋಟೊದಲ್ಲಿ 6 ಮೀಟರ್ ಉದ್ದದ ತೊಲೆಯೊಂದಿದೆ ಎನ್ನೋಣ. ಎಡತುದಿ Aಯಲ್ಲಿ ಪಿನ್, ಬಲತುದಿ Bಯಲ್ಲಿ ರೋಲರ್. A ಇಂದ 4 ಮೀಟರ್‌ವರೆಗೆ ಪ್ರತಿ ಮೀಟರಿಗೆ 10 ಕಿಲೋನ್ಯೂಟನ್ ಹರಡಿದ ಭಾರ. 5 ಮೀಟರ್ ದೂರದಲ್ಲಿ 20 ಕಿಲೋನ್ಯೂಟನ್ ಬಿಂದುಭಾರ. ಫೋಟೊ ಓರೆಯಾಗಿರಬಹುದು, ಆದ್ದರಿಂದ ಕಣ್ಣಳತೆ ಬೇಡ, ಬರೆದ ಅಂಕಿಗಳನ್ನಷ್ಟೇ ನಂಬಬೇಕು. ಹರಡಿದ ಭಾರ ನಿಲ್ಲುವ ಜಾಗವನ್ನು ತಪ್ಪಾಗಿ ಓದಿದರೆ ಮುಂದಿನದೆಲ್ಲ ಕೆಡುತ್ತದೆ.

ಮೊದಲು ಆಧಾರಗಳ ಪ್ರತಿಕ್ರಿಯೆ. ಹರಡಿದ ಭಾರದ ಮೊತ್ತ 40. ಅದು A ಇಂದ 2 ಮೀಟರಿನಲ್ಲಿ ಒತ್ತಿದಂತೆ. A ಸುತ್ತ ಮೊಮೆಂಟ್ 40×2 + 20×5 = 180. ಇದನ್ನು 6ರಿಂದ ಭಾಗಿಸಿದರೆ B ಹೊರುವುದು 30, ಉಳಿದ 30 Aಗೆ.

ಶಿಯರ್ ನಕ್ಷೆ +30ರಿಂದ ಹೊರಟು, ಮೀಟರಿಗೆ 10ರಂತೆ ನೇರವಾಗಿ ಇಳಿದು, 4 ಮೀಟರಿನಲ್ಲಿ −10 ಮುಟ್ಟುತ್ತದೆ. ಒಂದು ಮೀಟರ್ ಸಮತಟ್ಟಾಗಿ ಸಾಗಿ, ಬಿಂದುಭಾರದ ಕೆಳಗೆ ಥಟ್ಟನೆ −30ಕ್ಕೆ ಬೀಳುತ್ತದೆ. Bಯ ಪ್ರತಿಕ್ರಿಯೆ ಅದನ್ನು ಸೊನ್ನೆಗೆ ತರುತ್ತದೆ. ತರದಿದ್ದರೆ ಲೆಕ್ಕದಲ್ಲಿ ತಪ್ಪಿದೆ.

ಮೊಮೆಂಟ್ ಎಂದರೆ ಶಿಯರ್ ನಕ್ಷೆಯ ಕೆಳಗಿನ ವಿಸ್ತೀರ್ಣವನ್ನು ಕೂಡುತ್ತ ಹೋಗುವುದು. ಶಿಯರ್ ಸೊನ್ನೆಯಾಗುವ 3 ಮೀಟರಿನಲ್ಲಿ ಅದು ಗರಿಷ್ಠ: ½×3×30 = 45 ಕಿಲೋನ್ಯೂಟನ್-ಮೀಟರ್. 4 ಮೀಟರಿನಲ್ಲಿ 40, 5ರಲ್ಲಿ 30, Bಯಲ್ಲಿ ಸೊನ್ನೆ. ಮೊದಲ 4 ಮೀಟರ್ ಮೇಲಕ್ಕುಬ್ಬಿದ ಪ್ಯಾರಾಬೋಲ, ಆಮೇಲೆ ಎರಡು ಸರಳರೇಖೆಗಳು. ಅತಿ ಹೆಚ್ಚಿನ ಮೊಮೆಂಟ್ ಬಿಂದುಭಾರದ ಕೆಳಗೇ ಇರುತ್ತದೆಂಬ ಊಹೆ ಇಲ್ಲಿ ಸುಳ್ಳಾಗುತ್ತದೆ.