ಮುಚ್ಚಿ ಕಳಿಸಿದರೆ ವೇಗ, ತೆರೆದು ಕಳಿಸಿದರೆ ನಿಧಾನ

2017ರ ಜುಲೈನಲ್ಲಿ ಅಮೆರಿಕದ ವೆರಿಝಾನ್ ಕಂಪನಿಯ ಮೊಬೈಲ್ ಗ್ರಾಹಕರು ಒಂದು ವಿಚಿತ್ರವನ್ನು ಕಂಡರು. fast.com ತಾಣದಲ್ಲಿ ನೆಟ್ ವೇಗ ಅಳೆದರೆ ಅದು 10 ಎಂಬಿಪಿಎಸ್ ಹತ್ತಿರ ಬಂದು ಅಲ್ಲೇ ನಿಲ್ಲುತ್ತಿತ್ತು. ಅದೇ ಫೋನಿನಲ್ಲಿ ಬೇರೆ ತಾಣಕ್ಕೆ ಹೋಗಿ ಅಳೆದರೆ ಅದರ ಹಲವು ಪಟ್ಟು ವೇಗ ಬರುತ್ತಿತ್ತು. fast.com ಅನ್ನು ನಡೆಸುವುದು ನೆಟ್‌ಫ್ಲಿಕ್ಸ್. ಅಳತೆಗಾಗಿ ಬರುವ ಡೇಟಾ ಹೊರಡುವುದೂ ಆ ಕಂಪನಿ ಸಿನಿಮಾಗಳನ್ನು ಕಳಿಸುವ ಸರ್ವರ್‌ಗಳಿಂದಲೇ. ಕೆಲವರು ಫೋನಿನಲ್ಲಿ ವಿಪಿಎನ್ ಹಾಕಿಕೊಂಡು ಮತ್ತೆ ಅಳೆದರು. ಹತ್ತರ ಮಿತಿ ಕಾಣೆಯಾಗಿತ್ತು. ಕೊನೆಗೆ ಕಂಪನಿಯೇ ಬಾಯಿಬಿಟ್ಟಿತು: ವಿಡಿಯೊ ಸಾಗಣೆಯನ್ನು ಸುಧಾರಿಸಲು ನೆಟ್‌ವರ್ಕಿನಲ್ಲಿ ಪರೀಕ್ಷೆ ನಡೆಸುತ್ತಿದ್ದೆವು, ಇದರಿಂದ ಗ್ರಾಹಕರು ವಿಡಿಯೊ ನೋಡುವುದಕ್ಕೆ ತೊಂದರೆಯಾಗಿಲ್ಲ ಎಂದಿತು.

ಇದಕ್ಕೆ ಮೂರು ವರ್ಷ ಮೊದಲು, 2014ರ ಜುಲೈನಲ್ಲಿ, ಅದೇ ಕಂಪನಿಯ ಫೈಬರ್ ಸಂಪರ್ಕವಿದ್ದ ಗ್ರಾಹಕರೊಬ್ಬರು ಇದೇ ಪರೀಕ್ಷೆ ಮಾಡಿದ್ದರು. ಅವರು ಹಣ ಕೊಡುತ್ತಿದ್ದದ್ದು 75 ಎಂಬಿಪಿಎಸ್‌ಗೆ. ನೆಟ್‌ಫ್ಲಿಕ್ಸ್ ಮಾತ್ರ 375 ಕೆಬಿಪಿಎಸ್‌ನಲ್ಲಿ, ಅಂದರೆ ಅದರ ಇನ್ನೂರನೇ ಒಂದು ಭಾಗದಲ್ಲಿ, ತೆವಳುತ್ತಿತ್ತು. ವಿಪಿಎನ್ ಹಾಕಿದ ಕೂಡಲೇ 3000 ಕೆಬಿಪಿಎಸ್‌ಗೆ ಜಿಗಿಯಿತು. ಓದಿದವರೆಲ್ಲ ಕಂಪನಿ ನೆಟ್‌ಫ್ಲಿಕ್ಸನ್ನು ಗುರುತಿಸಿ ಕತ್ತು ಹಿಸುಕುತ್ತಿದೆ ಎಂದೇ ತಿಳಿದರು. ಆದರೆ ನಿಜವಾದ ಕಾರಣ ಬೇರೆ ಇತ್ತು.

ಆಗ ನೆಟ್‌ಫ್ಲಿಕ್ಸ್‌ನ ಡೇಟಾ ಲೆವೆಲ್ 3 ಎಂಬ ಸಾಗಣೆ ಕಂಪನಿಯ ಜಾಲದ ಮೂಲಕ ವೆರಿಝಾನ್ ಜಾಲಕ್ಕೆ ಬರುತ್ತಿತ್ತು. ಎರಡೂ ಜಾಲಗಳು ಕೂಡುವ ಜಾಗದ ಕೊಂಡಿಗಳು ತುಂಬಿ ತುಳುಕುತ್ತಿದ್ದವು. ಅಲ್ಲಿ ಇನ್ನಷ್ಟು ಪೋರ್ಟ್‌ಗಳನ್ನು ಜೋಡಿಸಿದರೆ ದಟ್ಟಣೆ ಕರಗುತ್ತದೆ ಎಂದು ಲೆವೆಲ್ 3 ಬಹಿರಂಗವಾಗಿಯೇ ಹೇಳಿತು. ವೆರಿಝಾನ್, ನೆಟ್‌ಫ್ಲಿಕ್ಸ್ ತಪ್ಪು ದಾರಿ ಆರಿಸಿಕೊಂಡಿದೆ ಎಂದು ಬೆರಳು ತೋರಿಸಿತು. ಯಾರದು ತಪ್ಪು ಎಂಬ ಜಗಳ ಏನೇ ಇರಲಿ, ವಿಪಿಎನ್ ಅಲ್ಲಿ ಮಾಡಿದ ಕೆಲಸವೆಂದರೆ ಡೇಟಾವನ್ನು ಬೇರೆ ದಾರಿಯಿಂದ ತಂದದ್ದು. ತುಂಬಿದ ಆ ಕೊಂಡಿಯನ್ನು ಬಳಸಿಕೊಂಡು ಬಂದದ್ದರಿಂದ ವೇಗ ಹೆಚ್ಚಿತು. ಆ ಕೊಂಡಿಯಲ್ಲಿ ಹಾಯುವುದು ವಿಡಿಯೊ ಆಗಲಿ, ಮತ್ತೇನೇ ಆಗಲಿ, ಎಲ್ಲವೂ ಅಷ್ಟೇ ನಿಧಾನವಾಗುತ್ತಿತ್ತು.

ಎರಡು ಸಲವೂ ಮಾಡಿದ ಪರೀಕ್ಷೆ ಒಂದೇ, ಸಿಕ್ಕ ಉತ್ತರವೂ ಒಂದೇ ಬಗೆಯದು, ಕಾರಣಗಳು ಮಾತ್ರ ಬೇರೆಬೇರೆ. ವಿಪಿಎನ್ ಹಾಕಿದಾಗ ವೇಗ ಹೆಚ್ಚಿತು ಅಂದಮಾತ್ರಕ್ಕೆ ಕಂಪನಿ ಮೋಸ ಮಾಡುತ್ತಿದೆ ಎಂದು ಹೇಳಲಾಗದು. ವಿಪಿಎನ್ ಎರಡು ಸಂಗತಿಗಳನ್ನು ಒಟ್ಟಿಗೇ ಬದಲಿಸಿಬಿಡುತ್ತದೆ: ಹೋಗಿಬರುವ ಡೇಟಾ ಏನೆಂಬುದು ಕಂಪನಿಗೆ ತಿಳಿಯದಂತೆ ಮುಚ್ಚುತ್ತದೆ, ಜೊತೆಗೆ ದಾರಿಯನ್ನೂ ಬದಲಿಸುತ್ತದೆ. ವೇಗ ಹೆಚ್ಚಿದ್ದು ಮುಚ್ಚಿದ್ದರಿಂದಲೋ ದಾರಿ ಬದಲಿಸಿದ್ದರಿಂದಲೋ ಎಂದು ಬೇರ್ಪಡಿಸಿ ನೋಡುವುದೇ ಇಲ್ಲಿನ ಕಷ್ಟದ ಕೆಲಸ.

ಅದಕ್ಕೆ ಮೊದಲು, ಕಂಪನಿಗೆ ನಮ್ಮ ಡೇಟಾ ಯಾವ ಬಗೆಯದು ಎಂದು ಗೊತ್ತಾಗುವುದು ಹೇಗೆ ಎಂಬುದನ್ನು ತಿಳಿದುಕೊಳ್ಳಬೇಕು. ಇಂದು ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ಒಳಗಿನ ವಿಷಯ ಎನ್‌ಕ್ರಿಪ್ಟ್ ಆಗಿರುತ್ತದೆ. ಹಾಗಿದ್ದ ಮೇಲೆ ವಿಡಿಯೊ ಎಂದು ಕಂಪನಿಗೆ ತಿಳಿಯುವುದೆಲ್ಲಿಂದ ಎಂದು ಯಾರಾದರೂ ಕೇಳಬಹುದು. ಎಚ್‌ಟಿಟಿಪಿಎಸ್ ಅಂಟು ಹಾಕಿ ಮುಚ್ಚಿದ ಲಕೋಟೆಯ ಹಾಗೆ; ಒಳಗಿನ ಕಾಗದ ಕಾಣುವುದಿಲ್ಲ, ಮೇಲಿನ ವಿಳಾಸ ಕಾಣುತ್ತದೆ. ಸಂಪರ್ಕ ಶುರುವಾಗುವಾಗ ಫೋನು ತನಗೆ ಬೇಕಾದ ತಾಣದ ಹೆಸರನ್ನು ಮೊದಲ ಸಂದೇಶದಲ್ಲೇ ತೆರೆದ ಅಕ್ಷರಗಳಲ್ಲಿ ಕಳಿಸುತ್ತದೆ. ಇದಕ್ಕೆ ಎಸ್‌ಎನ್‌ಐ ಎನ್ನುತ್ತಾರೆ. ದಾರಿಯಲ್ಲಿ ಕೂತ ಯಂತ್ರ ಆ ಹೆಸರನ್ನು ಓದಿ, ಇದು ವಿಡಿಯೊ ತಾಣ, ಇದಕ್ಕೆ ಇಷ್ಟೇ ವೇಗ ಎಂದು ಕಡಿವಾಣ ಹಾಕಬಲ್ಲದು. ಇದೇ ಹೆಸರನ್ನು ಓದಿ ತಾಣಗಳನ್ನು ಪೂರಾ ತಡೆಯುವ ಕೆಲಸ ಭಾರತದಲ್ಲಿ ರಿಲಯನ್ಸ್ ಜಿಯೊ ಜಾಲದಲ್ಲಿ ನಡೆಯುತ್ತಿದೆ ಎಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ತೋರಿಸಿದ್ದರು. ಹಾಗಾಗಿ ಎಚ್‌ಟಿಟಿಪಿಎಸ್ ಒಂದರಿಂದಲೇ ಬೇರೆಬೇರೆ ಬಗೆಯ ಡೇಟಾ ಕಂಪನಿಯ ಕಣ್ಣಿಗೆ ಒಂದೇ ಆಗಿ ಕಾಣುವುದಿಲ್ಲ. ವಿಪಿಎನ್ ಆ ವಿಳಾಸವನ್ನೂ ಮುಚ್ಚುತ್ತದೆ.

ಮುಚ್ಚುವುದನ್ನು ದಾರಿಯಿಂದ ಬೇರ್ಪಡಿಸಲು ಒಂದು ಸೊಗಸಾದ ಉಪಾಯವನ್ನು ಅಮೆರಿಕದ ಬಾಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಚಾಫ್ನಿಸ್ ಮತ್ತು ಸಂಗಡಿಗರು ಕಂಡುಕೊಂಡರು. ಅವರು ಮಾಡಿದ ವೀಹಿ (Wehe) ಎಂಬ ಆ್ಯಪ್‌ನಲ್ಲಿ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಮುಂತಾದವು ಕಳಿಸುವ ಡೇಟಾದ ಮುದ್ರಿತ ಪ್ರತಿ ಇರುತ್ತದೆ. ಆ್ಯಪ್ ಮೊದಲು ಆ ಪ್ರತಿಯನ್ನು ಇದ್ದಹಾಗೇ, ತಾಣದ ಹೆಸರು ಸಮೇತ, ತನ್ನದೇ ಸರ್ವರ್‌ನಿಂದ ಫೋನಿಗೆ ತರಿಸಿಕೊಳ್ಳುತ್ತದೆ. ಆಮೇಲೆ ಅಷ್ಟೇ ಗಾತ್ರದ, ಅದೇ ಅನುಕ್ರಮದ ಡೇಟಾವನ್ನು ಅದೇ ಸರ್ವರ್‌ನಿಂದ ಮತ್ತೊಮ್ಮೆ ತರಿಸಿಕೊಳ್ಳುತ್ತದೆ. ಈ ಸಲ ಒಳಗಿರುವುದು ಅರ್ಥವಿಲ್ಲದ, ಗುರುತು ಸಿಗದ ಅಕ್ಷರಗಳು. ಸರ್ವರ್ ಒಂದೇ, ದಾರಿ ಒಂದೇ, ಗಾತ್ರ ಒಂದೇ. ಬದಲಾದದ್ದು ದಾರಿಯ ಯಂತ್ರಕ್ಕೆ ಗುರುತು ಸಿಗುತ್ತದೆಯೋ ಇಲ್ಲವೋ ಎಂಬುದೊಂದೇ. ಮೊದಲನೆಯದು ನಿಧಾನವಾಗಿ, ಎರಡನೆಯದು ವೇಗವಾಗಿ ಬಂದು, ಮತ್ತೆ ಮಾಡಿದರೂ ಹಾಗೇ ಆದರೆ, ಗುರುತಿಸಿ ನಿಧಾನ ಮಾಡುತ್ತಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. ಇಂಥ ಹತ್ತು ಲಕ್ಷಕ್ಕೂ ಮಿಕ್ಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನ, ಅಮೆರಿಕದ ದೊಡ್ಡ ಮೊಬೈಲ್ ಕಂಪನಿಗಳು ವಿಡಿಯೊಗೆ ಮಿತಿ ಹಾಕುತ್ತಿರುವುದನ್ನು ತೋರಿಸಿತು. ಆ ಮಿತಿ ಜಾಲ ಬಿಡುವಾಗಿರುವ ನಡುರಾತ್ರಿಯಲ್ಲೂ ಇತ್ತು. ದಟ್ಟಣೆ ಇಳಿಸಲೆಂದೇ ಹೀಗೆ ಮಾಡುತ್ತೇವೆ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ ಎಂದೇ ನನಗನಿಸುತ್ತದೆ.

ಮನೆಯಲ್ಲೇ ಇದನ್ನು ಮಾಡಿನೋಡಬಹುದು. ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಂದೇ ಜಾಗದಲ್ಲಿ ಕೂತು, ಮೂರು ಅಳತೆಗಳನ್ನು ಬೆನ್ನುಬೆನ್ನಿಗೆ ತೆಗೆದುಕೊಳ್ಳಬೇಕು: ವಿಪಿಎನ್ ಇಲ್ಲದೆ fast.com, ವಿಪಿಎನ್ ಇಲ್ಲದೆ ಬೇರೊಂದು ಸ್ಪೀಡ್ ಟೆಸ್ಟ್, ವಿಪಿಎನ್ ಹಾಕಿ fast.com. ಈ ಸುತ್ತನ್ನು ಐದಾರು ಸಲ ಮಾಡಬೇಕು. ಮೊದಲು ವಿಪಿಎನ್ ಇಲ್ಲದ ಅಳತೆಗಳನ್ನೆಲ್ಲ ಮುಗಿಸಿ ಆಮೇಲೆ ವಿಪಿಎನ್ ಹಾಕಿದರೆ, ಆ ಹೊತ್ತಿಗೆ ಟವರ್‌ನಲ್ಲಿ ಜನ ಕಡಿಮೆಯಾಗಿ ವೇಗ ತಾನಾಗಿ ಹೆಚ್ಚಿರಬಹುದು. ಅದಕ್ಕೇ ಒಂದಾದ ಮೇಲೊಂದನ್ನು ಹೆಣೆದು ಅಳೆಯಬೇಕು. ರಾತ್ರಿ ಒಂಬತ್ತಕ್ಕೊಮ್ಮೆ, ಬೆಳಗಿನ ಜಾವ ಐದಕ್ಕೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.

ಒಂದು ಫಲಿತಾಂಶ ಕಲ್ಪಿಸಿಕೊಳ್ಳೋಣ. ವಿಪಿಎನ್ ಇಲ್ಲದ fast.com ಪ್ರತಿ ಸಲವೂ 2.0, 1.9, 2.0 ಎಂದು ತೋರಿಸುತ್ತಿದೆ. ಬೇರೆ ಸ್ಪೀಡ್ ಟೆಸ್ಟ್ 18, 13, 21 ಎಂದು ಏರಿಳಿಯುತ್ತಿದೆ. ವಿಪಿಎನ್ ಹಾಕಿದ fast.com 14, 11, 16 ತೋರಿಸುತ್ತಿದೆ. ಇಲ್ಲಿ ವೇಗ ಎಷ್ಟು ಕಡಿಮೆ ಎನ್ನುವುದಕ್ಕಿಂತ ಎಷ್ಟು ಸಪಾಟಾಗಿದೆ ಎನ್ನುವುದು ಮುಖ್ಯ. ದಟ್ಟಣೆಯಿಂದ ಬಂದ ನಿಧಾನ ಯಾವಾಗಲೂ ಹೊಯ್ದಾಡುತ್ತದೆ. ರಾತ್ರಿ ಬಿಗಿಯಾಗಿ, ಬೆಳಗಿನ ಜಾವ ಸಡಿಲಾಗುತ್ತದೆ. ಯಂತ್ರ ಹಾಕಿದ ಮಿತಿ 1.5, 2, 4, 10 ಹೀಗೆ ಒಂದು ಅಂಕಿಗೆ ಅಂಟಿಕೊಂಡು, ರಾತ್ರಿ ಹಗಲು ಅಲ್ಲಾಡದೆ ನಿಲ್ಲುತ್ತದೆ. ಬೆಳಗಿನ ಜಾವ ಐದರಲ್ಲೂ 2.0 ಬಂದರೆ, 2014ರ ಮಾದರಿಯ ತುಂಬಿದ ಕೊಂಡಿಯ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಆಗ ಅದೇ ಫೋನಿನಲ್ಲಿ ವೀಹಿ ಓಡಿಸಬೇಕು. ಅದೂ ವ್ಯತ್ಯಾಸ ತೋರಿಸಿದರೆ ಎರಡು ಬೇರೆಬೇರೆ ಸಾಕ್ಷಿಗಳು ಸಿಕ್ಕ ಹಾಗೆ.

ವಿಪಿಎನ್ ಹಾಕಿದಾಗ ವೇಗ ಇಳಿದರೆ ಗಾಬರಿ ಬೇಡ. ಪ್ರತಿ ಪೊಟ್ಟಣಕ್ಕೂ ಮೇಲೊಂದು ಹೊದಿಕೆ ಸೇರುವುದರಿಂದ ಸ್ವಲ್ಪ ವೇಗ ನಷ್ಟವಾಗುವುದು ಸಹಜ, ಸರ್ವರ್ ಸಿಂಗಪುರದಲ್ಲೋ ಯುರೋಪಿನಲ್ಲೋ ಇದ್ದರೆ ಇನ್ನಷ್ಟು. ಆದಷ್ಟು ಹತ್ತಿರದ ಸರ್ವರ್ ಆರಿಸಬೇಕು. ಉಚಿತ ವಿಪಿಎನ್‌ಗಳ ಸರ್ವರ್ ತಾನೇ ಏದುಸಿರು ಬಿಡುತ್ತಿರುವುದುಂಟು. ವಿಪಿಎನ್‌ ಅನ್ನೇ ನಿಧಾನ ಮಾಡುವ ಜಾಲಗಳೂ ಇರಬಹುದು, ಆಗ ಹೋಲಿಕೆಗೆ ಬೆಲೆಯಿಲ್ಲ. ದಿನದ ಡೇಟಾ ಮುಗಿದು 64 ಕೆಬಿಪಿಎಸ್‌ಗೆ ಇಳಿದಿದ್ದರೆ ಅದು ಎಲ್ಲಕ್ಕೂ ಅನ್ವಯಿಸುವ ಪ್ಲಾನಿನ ಮಿತಿ, ಇದನ್ನು ಭೇದಭಾವ ಎನ್ನಲಾಗದು. ಇನ್ನೊಂದು ಸೂಕ್ಷ್ಮವೂ ಇದೆ: ಅಮೆರಿಕದ ಅಧ್ಯಯನದಲ್ಲಿ ಒಂದು ಕಂಪನಿ ಮೊದಲ ಕೆಲವು ಮೆಗಾಬೈಟ್‌ಗಳನ್ನು ಪೂರ್ತಿ ವೇಗದಲ್ಲಿ ಬಿಟ್ಟು ಆಮೇಲೆ ಮಿತಿ ಹಾಕುತ್ತಿತ್ತು. ಎರಡು ಕ್ಷಣದ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ.

ವೀಹಿಗೂ ಕಾಣದ ಸಂಗತಿಗಳಿವೆ. ಅದರ ಡೇಟಾ ಬರುವುದು ಅದರದೇ ಸರ್ವರ್‌ನಿಂದ. ಕಂಪನಿ ಹೆಸರನ್ನು ಓದದೆ, ನೆಟ್‌ಫ್ಲಿಕ್ಸ್ ಸರ್ವರ್‌ಗಳ ಐಪಿ ವಿಳಾಸಗಳನ್ನೇ ಗುರುತಿಟ್ಟು ನಿಧಾನ ಮಾಡಿದರೆ ವೀಹಿ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಅಂಥದನ್ನು ಹಿಡಿಯುವುದು ವಿಪಿಎನ್ ಪರೀಕ್ಷೆ, ಆದರೆ ಅದು ದಾರಿಯ ಗೊಂದಲವನ್ನೂ ಜೊತೆಗೆ ತರುತ್ತದೆ. ಒಂದರ ಕುರುಡನ್ನು ಇನ್ನೊಂದು ತುಂಬುವುದರಿಂದಲೇ ಎರಡನ್ನೂ ಮಾಡಿ ಎನ್ನುವುದು.

ಭಾರತದಲ್ಲಿ ಈ ಅಳತೆಗೆ ಕಾನೂನಿನ ನೆಲೆಯಿದೆ. ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸನ್ನು ಸರ್ಕಾರ 2018ರಲ್ಲಿ ಒಪ್ಪಿ, ಕಂಪನಿಗಳ ಲೈಸೆನ್ಸ್ ಷರತ್ತುಗಳಲ್ಲೇ ಸೇರಿಸಿತು: ವಿಷಯ ನೋಡಿ ತಡೆಯುವುದು, ನಿಧಾನ ಮಾಡುವುದು, ಕೆಲವಕ್ಕೆ ಹೆಚ್ಚಿನ ವೇಗ ಕೊಡುವುದು ಕೂಡದು. ಸಮಂಜಸ ಜಾಲ ನಿರ್ವಹಣೆ, ವಿಶೇಷ ಸೇವೆಗಳು ಹೀಗೆ ಕೆಲವು ವಿನಾಯಿತಿಗಳಿವೆ. ದೂರು ಕೊಡುವಾಗ ‘ವಿಡಿಯೊ ನಿಧಾನ’ ಎಂದಷ್ಟೇ ಬರೆದರೆ ಸಿಗ್ನಲ್ ಸಮಸ್ಯೆ ಎಂಬ ಉತ್ತರ ಬರುತ್ತದೆ. ಬದಲಿಗೆ ದಿನಾಂಕ, ಹೊತ್ತು, ಜಾಗ, ಪ್ಲಾನ್, ಮೂರೂ ಅಳತೆಗಳ ಅಂಕಿ ಮತ್ತು ಸ್ಕ್ರೀನ್‌ಶಾಟ್, ವಿಪಿಎನ್ ಸರ್ವರ್ ಇದ್ದ ಊರು, ವೀಹಿ ಕೊಟ್ಟ ಫಲಿತಾಂಶ, ಇಷ್ಟನ್ನೂ ಜೊತೆಗಿಟ್ಟು ಕಂಪನಿಯ ದೂರು ಕೇಂದ್ರಕ್ಕೆ ಕೊಡಬೇಕು. ಅಲ್ಲಿ ಸಿಗುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.