ಹಾಲ್‌ನಿಂದ ಮಹಡಿಯ ಕೋಣೆಗೆ ಯಾವ ಕೇಬಲ್, ಎಷ್ಟು ಮೀಟರ್?

ಕೆಳಗಿನ ಹಾಲ್‌ನಲ್ಲಿ ರೂಟರ್, ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್. ನಡುವಿನ ಆರ್‌ಸಿಸಿ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಕೇಬಲ್ ಎಳೆಸೋಣವೆಂದು ಅಂಗಡಿಗೆ ಹೋದರೆ ಕ್ಯಾಟ್-5ಇ, ಕ್ಯಾಟ್-6, ಕ್ಯಾಟ್-6ಎ, ಕ್ಯಾಟ್-8 ಎಂದು ಹೆಸರುಗಳ ಸಾಲೇ ಎದುರಾಗುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಇಂಟರ್ನೆಟ್ ವೇಗವಾಗುತ್ತದೆಂಬ ನಂಬಿಕೆ ಸರಿಯಲ್ಲ. ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಕ್ಯಾಟ್-5ಇ ಕೇಬಲ್ಲೇ 100 ಮೀಟರ್‌ವರೆಗೆ ಒಯ್ಯುತ್ತದೆ. ಕ್ಯಾಟ್-6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ಟನ್ನೂ ತಾಳಬಲ್ಲದು. ಕ್ಯಾಟ್-8 ಇರುವುದು ಡೇಟಾ ಸೆಂಟರ್‌ಗಳಿಗೆ. ಮನೆಗೆ ಅದು ದಂಡದ ಖರ್ಚು. ಗೋಡೆಯೊಳಗೆ ಒಮ್ಮೆ ಹೂತ ತಂತಿಯನ್ನು ಮತ್ತೆ ಕೀಳುವುದು ಕಷ್ಟವಾದ್ದರಿಂದ, ಹೊಸದಾಗಿ ಎಳೆಸುವವರಿಗೆ ಕ್ಯಾಟ್-6 ಸಾಕು, ಸೂಕ್ತ ಕೂಡ.

ಕೇಬಲ್ಲಿನ ಸಂಖ್ಯೆಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಒಳಗಿನ ಲೋಹಕ್ಕೆ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ; ಅದಕ್ಕೆ ಸಿಸಿಎ ಎಂದು ಹೆಸರು. ಅದರ ವಿದ್ಯುತ್ ರೋಧ ಹೆಚ್ಚು, ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಕೊಳ್ಳಬಾರದು.

ಇನ್ನು ಉದ್ದ. ಎರಡು ಕೋಣೆಗಳ ನಡುವೆ ನೇರವಾಗಿ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೇಬಲ್ ಗೋಡೆಯ ಅಂಚು ಹಿಡಿದು ಸಾಗುತ್ತದೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ರೂಟರಿನಿಂದ ಸೂರಿನವರೆಗೆ 2 ಮೀಟರ್, ಹಾಲ್‌ನ ಗೋಡೆಯುದ್ದಕ್ಕೂ 6, ಮಹಡಿಯ ಪ್ಯಾಸೇಜಿನಲ್ಲಿ 4, ಬಾಗಿಲ ಚೌಕಟ್ಟನ್ನು ಹತ್ತಿ ಇಳಿಯಲು 4, ಅಲ್ಲಿಂದ ಮೇಜಿಗೆ ಎರಡೂವರೆ. ಹದಿನೆಂಟೂವರೆ ಮೀಟರ್ ಆಯಿತು. ಆರ್‌ಸಿಸಿಯ ದಪ್ಪವನ್ನೂ ಎರಡೂ ತುದಿಗೆ ಒಂದೊಂದು ಮೀಟರ್ ಸಡಿಲನ್ನೂ ಸೇರಿಸಿದರೆ 21ರ ಹತ್ತಿರ. 20 ಮೀಟರಿನ ಸಿದ್ಧ ಕೇಬಲ್ ಇದಕ್ಕೆ ಸಾಲದು. 25 ಮೀಟರಿನದನ್ನೇ ತರಬೇಕು. ಉಳಿದ ನಾಲ್ಕು ಮೀಟರನ್ನು ದೊಡ್ಡ ಸುರುಳಿಯಾಗಿ ಸುತ್ತಿಟ್ಟರೆ ವೇಗವೇನೂ ಕುಗ್ಗದು. ಗೋಡೆಯೊಳಗಿನ ಪೈಪಿನಲ್ಲಿ ಎಳೆಯುವುದಾದರೆ ಕ್ಲಿಪ್ ಇಲ್ಲದ ಕೇಬಲ್ಲನ್ನೇ ಮೀಟರ್ ಲೆಕ್ಕದಲ್ಲಿ ಕೊಳ್ಳಬೇಕು, ಏಕೆಂದರೆ ಕ್ಲಿಪ್ ಕೂರಿಸಿದ ತುದಿ ಕಿರಿದಾದ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಲೇಬಾರದು; ಅಪಾಯವೂ ಹೌದು, ಸಂಕೇತಕ್ಕೆ ಅಡಚಣೆಯೂ ಹೌದು.

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 1000ದ ಬದಲು 100 ಎಂದು ತೋರಿಸಿದರೆ, ಕೇಬಲ್ಲಿನ ಎಂಟು ಎಳೆಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲದಿರುವ ಸಾಧ್ಯತೆಯೇ ಹೆಚ್ಚು. 100 ಮೆಗಾಬಿಟ್‌ಗೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆಗ ಇಡೀ ಕೇಬಲ್ ಬದಲಿಸಲು ಹೊರಡದೆ, ಮೊದಲು ತುದಿಯ ಕ್ಲಿಪ್ಪುಗಳನ್ನು ಕತ್ತರಿಸಿ ಹೊಸದಾಗಿ ಹಾಕಿಸಿ.