ಪುಟ್ ಮಾರಿದವರಿಗೆ ಷೇರು ನಿಜಕ್ಕೂ ಎಷ್ಟಕ್ಕೆ ಬಿತ್ತು?

ಪ್ರಶ್ನೆ: ಪುಟ್ ಆಪ್ಷನ್ ಮಾರಿದ್ದೆ. ಅವಧಿ ಮುಗಿದಾಗ ಷೇರುಗಳನ್ನು ಕೊಳ್ಳಲೇಬೇಕಾಯಿತು. ಮೊದಲೇ ಬಂದಿದ್ದ ಪ್ರೀಮಿಯಂ ಖರೀದಿ ಬೆಲೆಯಿಂದ ಕಳೆಯುತ್ತದೆಯೇ?

ಉತ್ತರ: ಹೌದು, ಕಳೆಯುತ್ತದೆ. ಸ್ಟ್ರೈಕ್ ಬೆಲೆಯಿಂದ ಪ್ರೀಮಿಯಂ ಕಳೆದರೆ ಉಳಿಯುವುದೇ ನಿಮ್ಮ ನಿಜವಾದ ಖರೀದಿ ದರ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 500 ಷೇರುಗಳ ಒಂದು ಲಾಟ್. ಸ್ಟ್ರೈಕ್ 400 ರೂ., ಪ್ರೀಮಿಯಂ ಷೇರಿಗೆ 12 ರೂ. ಮಾರಿದಾಗ ನಿಮಗೆ 6,000 ರೂ. ಬಂತು. ಅವಧಿ ಮುಗಿಯುವ ದಿನ ಷೇರು 380ಕ್ಕೆ ನಿಂತಿತು. ನಮ್ಮಲ್ಲಿ ಷೇರುಗಳ ಆಪ್ಷನ್‌ಗೆ ಡೆಲಿವರಿ ಕಡ್ಡಾಯವಾದ್ದರಿಂದ 2,00,000 ರೂ. ಕೊಟ್ಟು 500 ಷೇರು ಪಡೆಯಬೇಕು. ಕೈಗೆ ಬಂದಿದ್ದ 6,000 ಕಳೆದರೆ ನಿವ್ವಳ ವೆಚ್ಚ 1,94,000 ರೂ., ಅಂದರೆ ಷೇರಿಗೆ 388.

ಷೇರಿಗೆ 20 ರೂ. ಆಗಬೇಕಿದ್ದ ನಷ್ಟ 8ಕ್ಕೆ ಇಳಿಯಿತು. ಆದರೆ ಪ್ರೀಮಿಯಂ ಕೊಡುವ ರಕ್ಷಣೆ ಆ 12 ರೂಪಾಯಿಯಷ್ಟೇ. ಷೇರು 340ಕ್ಕೆ ಕುಸಿದಿದ್ದರೆ ನಷ್ಟ 48 ರೂ. ಆಗುತ್ತಿತ್ತು.

ಇನ್ನೊಂದು ಮಾತು: ಪ್ರೀಮಿಯಂ ಮೊದಲೇ ಜಮಾ ಆಗಿರುವುದರಿಂದ ಡೆಲಿವರಿ ದಿನ ಷೇರಿಗೆ ಪೂರ್ತಿ 400 ರೂಪಾಯಿಯನ್ನೇ ಹೊಂದಿಸಬೇಕು. ಬ್ರೋಕರೇಜ್, ತೆರಿಗೆಗಳು ಸೇರಿದರೆ ನಿಮ್ಮ ದರ 388ಕ್ಕಿಂತ ತುಸು ಮೇಲೇರುತ್ತದೆ.